ಅಂಗೀಕರಿಸುವುದಿಲ್ಲ ಅಂದವರೇ ವಾಪಸ್ ಕೊಡುವುದಿಲ್ಲ ಅಂದಾಗ

ಫೆಬ್ರವರಿ ಅಂದರೆ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಉಸಿರಾಡಲು ಬಿಡುವಿಲ್ಲದ ಕಾಲ. ಅರೇಬಿಕಾ ಪಾರ್ಚ್‌ಮೆಂಟ್ ಇನ್ನೂ ಗೋದಾಮಿಗೆ ಬರುತ್ತಿರುತ್ತದೆ, ರೋಬಸ್ಟಾ ಚೆರ್ರಿಯ ಲೋಡುಗಳೂ ಶುರುವಾಗಿರುತ್ತವೆ, ಜೊತೆಗೆ ಮಾರ್ಚ್ ಕ್ಲೋಸಿಂಗ್ ಹತ್ತಿರ ಬಂದಿರುತ್ತದೆ. ಅಂಥ ಒಂದು ವರ್ಕ್ಸ್‌ನ ಲೆಕ್ಕಪತ್ರ ವಿಭಾಗದಲ್ಲಿ ಐದನೇ ವರ್ಷ ನಡೆಯುತ್ತಿದ್ದ ಹೆಣ್ಣುಮಗಳೊಬ್ಬರು ಫೆಬ್ರವರಿ 2ರಂದು ರಾಜೀನಾಮೆ ಪತ್ರ ಹಿಡಿದು ಮ್ಯಾನೇಜರ್ ಮುಂದೆ ನಿಂತರು. ಬೆಂಗಳೂರಿನಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಮ್ಯಾನೇಜರ್ ಓದಿ, ಪತ್ರವನ್ನು ಅವರ ಕಡೆಗೇ ತಳ್ಳಿದರು: "ಸೀಸನ್ ಮುಗಿಯೋ ತನಕ ನಿಮ್ಮನ್ನ ಬಿಡೋಕಾಗಲ್ಲಮ್ಮ. ಇದನ್ನ ನಾನು ತಗೊಂಡೇ ಇಲ್ಲ ಅಂದ್ಕೊಳಿ."

ಅವರು ಸಲಹೆ ಕೇಳಿಕೊಂಡು ನಮ್ಮಲ್ಲಿಗೆ ಬಂದರು. ಆ ಸಂಜೆಯಿಂದ ಏಪ್ರಿಲ್ ಕೊನೆಯವರೆಗೆ ಈ ಪ್ರಕರಣದ ಕಾಗದಪತ್ರವೆಲ್ಲ ನಮ್ಮ ಮೇಜಿನ ಮೇಲೆ ಹಾದುಹೋಯಿತು. ಕೊಟ್ಟ ರಾಜೀನಾಮೆಯನ್ನು ಮಾಲೀಕರು ನಿರಾಕರಿಸಬಹುದೇ, ಕೊಟ್ಟವರು ಅದನ್ನು ಹಿಂಪಡೆಯಬಹುದೇ ಎಂಬ ಎರಡೂ ಪ್ರಶ್ನೆಗಳು ಇದೊಂದರಲ್ಲೇ ಬಂದಿದ್ದರಿಂದ, ನಡೆದ ಕ್ರಮದಲ್ಲೇ ಬರೆಯುತ್ತಿದ್ದೇವೆ.

ಮೊದಲು ನೋಡಿದ್ದು ನೇಮಕಾತಿ ಆದೇಶ. ಯಾವ ಕಡೆಯವರಾದರೂ 60 ದಿನಗಳ ಲಿಖಿತ ನೋಟಿಸ್ ಕೊಡಬೇಕು ಅಥವಾ ಬದಲಿಗೆ ಅಷ್ಟು ದಿನದ ಸಂಬಳ ಕಟ್ಟಬೇಕು ಅಂತ ಅದರಲ್ಲಿತ್ತು. ಇಂತಿಷ್ಟು ವರ್ಷ ಬಿಡಬಾರದೆಂಬ ಬಾಂಡ್ ಇರಲಿಲ್ಲ. ಅವರ ಮೇಲೆ ಯಾವ ವಿಚಾರಣೆಯೂ ನಡೆಯುತ್ತಿರಲಿಲ್ಲ. ಈ ಮೂರು ಸಂಗತಿ ಗೊತ್ತಾದರೆ ಮೊದಲ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಸಿಕ್ಕ ಹಾಗೆ.

ಆಮೇಲೆ ಅವರು ಬರೆದಿದ್ದ ಪತ್ರ. ಅದರಲ್ಲಿ "ದಯವಿಟ್ಟು ನನ್ನ ರಾಜೀನಾಮೆಯನ್ನು ಅಂಗೀಕರಿಸಿ ಕೂಡಲೇ ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ" ಅಂತಿತ್ತು. ನೂರಕ್ಕೆ ತೊಂಬತ್ತು ಜನ ಹೀಗೇ ಬರೆಯುತ್ತಾರೆ. ಮೇಲ್ನೋಟಕ್ಕೆ ವಿನಯದ ಮಾತು, ಆದರೆ ಎರಡು ಕಡೆ ಕೈ ಕಟ್ಟಿಹಾಕುತ್ತದೆ. "ಕೂಡಲೇ" ಅಂದರೆ 60 ದಿನದ ನೋಟಿಸ್ ಕೊಟ್ಟಂತೆ ಆಗುವುದಿಲ್ಲ, ಸಂಬಳ ಹಿಡಿಯಲು ದಾರಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮುಂದಿನ ದಿನಾಂಕವೇ ಇಲ್ಲದ ರಾಜೀನಾಮೆ ಅಂಗೀಕಾರವಾದ ಗಳಿಗೆಗೆ ಮುಗಿದುಹೋಗುತ್ತದೆ. ದಿನಾಂಕವಿಲ್ಲದೆ ಕೊಟ್ಟ ರಾಜೀನಾಮೆಯನ್ನು ಸಕ್ಷಮ ಅಧಿಕಾರಿ ಒಪ್ಪಿದ ಮೇಲೆ ಹಿಂಪಡೆಯಲು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1968ರಲ್ಲೇ ಒಬ್ಬ ಐಎಎಸ್ ಅಧಿಕಾರಿಯ ಪ್ರಕರಣದಲ್ಲಿ ಹೇಳಿದೆ.

ಹಾಗಾಗಿ ಪತ್ರವನ್ನು ಮತ್ತೆ ಬರೆಸಿದೆವು. ಬರೆದದ್ದು ಇಷ್ಟೇ:

"ನೇಮಕಾತಿ ಆದೇಶದ ಷರತ್ತಿನಂತೆ ಇಂದು, ಫೆಬ್ರವರಿ 2ರಂದು, 60 ದಿನಗಳ ನೋಟಿಸ್ ಕೊಡುತ್ತಿದ್ದೇನೆ. ನನ್ನ ರಾಜೀನಾಮೆ ಏಪ್ರಿಲ್ 3ರ ಕೆಲಸದ ವೇಳೆ ಮುಗಿದ ನಂತರ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ಎಂದಿನಂತೆ ಕೆಲಸ ಮಾಡುತ್ತೇನೆ, ನನ್ನ ಕೆಲಸವನ್ನು ನೀವು ಹೇಳಿದವರಿಗೆ ವಹಿಸಿಕೊಡುತ್ತೇನೆ."

ದಿನ ಎಣಿಸುವಾಗ ಪತ್ರ ಕೊಟ್ಟ ದಿನವನ್ನು ಬಿಟ್ಟು ಮರುದಿನದಿಂದ ಎಣಿಸಿದೆವು. ಫೆಬ್ರವರಿ 3ರಿಂದ 28ರವರೆಗೆ 26, ಮಾರ್ಚ್‌ನ 31, ಸೇರಿ 57. ಏಪ್ರಿಲ್ 3ಕ್ಕೆ 60. "ಎರಡು ತಿಂಗಳು" ಅಂದುಕೊಂಡು ಏಪ್ರಿಲ್ 1 ಅಂತ ಬರೆದಿದ್ದರೆ ಎರಡು ದಿನದ ಕೊರತೆಯ ತಗಾದೆಗೆ ನಾವೇ ಜಾಗ ಮಾಡಿಕೊಟ್ಟಂತಾಗುತ್ತಿತ್ತು.

ಮ್ಯಾನೇಜರ್ ಕೈಗೆ ತಗೊಳ್ಳುವುದಿಲ್ಲ ಅಂದಿದ್ದರಲ್ಲ, ಅದಕ್ಕೆ ಅದೇ ಸಂಜೆ ವರ್ಕ್ಸ್‌ನ ಕಚೇರಿ ಇಮೇಲ್‌ಗೆ ಪತ್ರ ಹೋಯಿತು. ಕಳಿಸಿದ್ದು ಅವರ ಸ್ವಂತ ಇಮೇಲ್‌ನಿಂದ. ಕಚೇರಿಯ ಐಡಿಯಿಂದ ಕಳಿಸಿದರೆ, ನಾಳೆ ಪಾಸ್‌ವರ್ಡ್ ಬದಲಾದ ದಿನ ಕಳಿಸಿದ್ದಕ್ಕೆ ಸಾಕ್ಷಿಯೂ ಹೋಗುತ್ತದೆ. ಇಮೇಲ್ ಕೂಡ ಲಿಖಿತವೇ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಸೆಕ್ಷನ್ ಅದನ್ನು ಒಪ್ಪುತ್ತದೆ. ಮರುದಿನ ಸಹಿ ಹಾಕಿದ ಪ್ರತಿಯನ್ನು ಸ್ಪೀಡ್ ಪೋಸ್ಟ್ ಮಾಡಿದೆವು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನೊಳಗೇ ಸೇರಿಹೋಗಿರುವುದರಿಂದ ಈಗ ಇದೇ ದಾರಿ. ರಸೀದಿ ಇಟ್ಟುಕೊಂಡರೆ ಸಾಲದು, ತಲುಪಿದ ದಿನಾಂಕ ತೋರಿಸುವ ಟ್ರ್ಯಾಕಿಂಗ್ ಪುಟವನ್ನು ಆಗಲೇ ಪ್ರಿಂಟ್ ತೆಗೆದಿಡಬೇಕು. ಕೆಲವು ತಿಂಗಳಾದ ಮೇಲೆ ಹುಡುಕಿದರೆ ಅಲ್ಲಿ ಏನೂ ಸಿಗುವುದಿಲ್ಲ.

ಫೆಬ್ರವರಿ 10ಕ್ಕೆ ಇಮೇಲ್‌ನಲ್ಲಿ ಉತ್ತರ ಬಂತು. "ಸೀಸನ್ ಮತ್ತು ವರ್ಷಾಂತ್ಯದ ಕೆಲಸ ಇರುವುದರಿಂದ ನಿಮ್ಮ ರಾಜೀನಾಮೆಯನ್ನು ಅಂಗೀಕರಿಸಿಲ್ಲ. ಮೇ 31ರವರೆಗೆ ಕೆಲಸ ಮುಂದುವರಿಸತಕ್ಕದ್ದು."

ಹೀಗೆ ಹೇಳುವ ಹಕ್ಕು ಮಾಲೀಕರಿಗೆ ಇದೆಯೇ? ಇಲ್ಲ. ಮನಸ್ಸಿಲ್ಲದವರನ್ನು ಕೆಲಸದಲ್ಲಿ ಕಟ್ಟಿಹಾಕಲು ಯಾವ ನ್ಯಾಯಾಲಯವೂ ಆದೇಶ ಕೊಡುವುದಿಲ್ಲ. ರಾಜೀನಾಮೆ ಕೊಡುವುದು ನೌಕರನ ಹಕ್ಕು ಅಂತ ಸುಪ್ರೀಂ ಕೋರ್ಟ್ ವಿಮಾನಯಾನ ಕಂಪನಿಯೊಂದರ ನೌಕರನ ಪ್ರಕರಣದಲ್ಲಿ ನೇರವಾಗಿ ಹೇಳಿತು. ಅದೇ ಸಾಲಿನಲ್ಲಿ ವಿನಾಯಿತಿಗಳನ್ನೂ ಹೇಳಿತು: ಸೇವಾ ನಿಯಮದಲ್ಲೋ ನೇಮಕಾತಿ ಷರತ್ತಿನಲ್ಲೋ ಬೇರೆ ಕಟ್ಟಳೆ ಇದ್ದರೆ, ಇಲ್ಲವೇ ಶಿಸ್ತುಕ್ರಮದಿಂದ ತಪ್ಪಿಸಿಕೊಳ್ಳಲು ರಾಜೀನಾಮೆ ಕೊಟ್ಟಿದ್ದರೆ ಮಾತು ಬೇರೆ. ಸರ್ಕಾರಿ ನೌಕರರ ವಿಷಯದಲ್ಲಿ ನೇಮಕಾತಿ ಪ್ರಾಧಿಕಾರ ಒಪ್ಪಿದ ಮೇಲೆಯೇ ರಾಜೀನಾಮೆ ಪೂರ್ಣವಾಗುವುದು. ಇಲಾಖಾ ವಿಚಾರಣೆ ಇದ್ದರೆ ಅದು ಅಲ್ಲೇ ನಿಲ್ಲಬಹುದು. ಬಾಂಡ್ ಇದ್ದಾಗಲೂ ಮಾಲೀಕರಿಗೆ ಸಿಗುವುದು ಹಣ, ಮನುಷ್ಯ ಅಲ್ಲ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 3 ವರ್ಷದ, 2 ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿಯಿತು. ಆದರೆ ಅದು ದುಡ್ಡು ಕಟ್ಟಿ ಹೋಗುವ ಬಾಂಡ್. ಹೋಗಲೇಬಾರದು ಅಂತ ಯಾರೂ ಹೇಳಲಿಲ್ಲ.

ಇಲ್ಲಿ ಇದ್ಯಾವುದೂ ಇರಲಿಲ್ಲ. ಆದ್ದರಿಂದ ಮೇ 31ರವರೆಗೆ ಹಿಡಿದಿಡಲು ಅವರಿಗೆ ಬರುತ್ತಿರಲಿಲ್ಲ. ನೋಟಿಸ್ ಕೊರತೆಯಾದರೆ ಸಂಬಳ ಕೇಳಬಹುದು, ಲೆಕ್ಕದ ಪುಸ್ತಕ, ಕೀಲಿಕೈ, ಲ್ಯಾಪ್‌ಟಾಪ್ ವಾಪಸ್ ಕೇಳಬಹುದು, ಅಷ್ಟೇ. ಕೊನೆಯ ಸಂಬಳವನ್ನು ಒತ್ತೆ ಇಟ್ಟುಕೊಳ್ಳಲೂ ಬರುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟು ಹೋದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

ಇಂಥ ಉತ್ತರ ಬಂದಾಗ ಸಿಟ್ಟಿನಲ್ಲಿ ಮರುದಿನದಿಂದಲೇ ಕೆಲಸಕ್ಕೆ ಹೋಗದವರನ್ನು ನೋಡಿದ್ದೇವೆ. ಅದು ಮಾಲೀಕರ ಕೈಗೆ ದೊಣ್ಣೆ ಕೊಟ್ಟಂತೆ. ರಾಜೀನಾಮೆಯ ವಿಷಯ ಅಲ್ಲಿಗೆ ಮುಗಿದು, ಹೇಳದೆ ಕೇಳದೆ ಗೈರುಹಾಜರಿ ಅನ್ನುವ ಆರೋಪಪಟ್ಟಿ ಶುರುವಾಗುತ್ತದೆ. ಈ ಹೆಣ್ಣುಮಗಳು ಹಾಗೆ ಮಾಡಲಿಲ್ಲ. "ನನ್ನ ನೋಟಿಸ್‌ನಂತೆ ಏಪ್ರಿಲ್ 3ರಂದು ಬಿಡುಗಡೆ ಹೊಂದುತ್ತೇನೆ" ಅಂತ ಎರಡು ಸಾಲಿನ ಉತ್ತರ ಕಳಿಸಿ, ಎಂದಿನ ಹಾಗೆ ಬೆಳಗ್ಗೆ ಬಯೋಮೆಟ್ರಿಕ್ ಒತ್ತಿ ಕೆಲಸ ಮಾಡಿದರು. ಫೆಬ್ರವರಿ 10ರ ಆ ಮೇಲನ್ನು ಅಳಿಸಿಬಿಡೋಣವೇ ಅಂತ ಕೇಳಿದ್ದರು. ಬೇಡವೆಂದೆವು. ಕೊನೆಗೆ ಕೆಲಸ ಉಳಿಸಿದ್ದೇ ಅದು.

ಮಾರ್ಚ್ 5ರಂದು ಬೆಂಗಳೂರಿನ ಕಂಪನಿ ಕೊಟ್ಟಿದ್ದ ಆಫರನ್ನು ಹಿಂತೆಗೆದುಕೊಂಡಿತು. ಈಗ ಮಾತು ಉಲ್ಟಾ ಆಯಿತು. ಬಿಡಿಸಿಕೊಳ್ಳುವ ಬದಲು ಉಳಿದುಕೊಳ್ಳಬೇಕು. ಅದರ ಜೊತೆ ಇನ್ನೊಂದು ಲೆಕ್ಕವೂ ಇತ್ತು. ಅವರು ಕೆಲಸಕ್ಕೆ ಸೇರಿದ್ದು ಜೂನ್ 1ಕ್ಕೆ. ಏಪ್ರಿಲ್ 3ಕ್ಕೆ ಹೋದರೆ 4 ವರ್ಷ 10 ತಿಂಗಳು, ಮೇ 31ರವರೆಗೆ ಇದ್ದರೆ ಭರ್ತಿ 5 ವರ್ಷ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ರೂಪಾಯಿ. ಐದು ವರ್ಷ ತುಂಬಿದವರಿಗೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಸೂತ್ರದಂತೆ ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 5 ವರ್ಷಕ್ಕೆ ಹಿಡಿದರೆ 75,000. ನಾಲ್ಕು ವರ್ಷ 240 ದಿನ ಆದರೂ ಸಾಕು ಅನ್ನುವ ವಾದವೊಂದಿದೆ, ಆದರೆ ಅದಕ್ಕಾಗಿ ಜಗಳವಾಡಬೇಕು. ಐದು ವರ್ಷ ತುಂಬಿದವರಿಗೆ ಆ ಜಗಳವೇ ಬೇಡ.

ಮಾರ್ಚ್ 6ರಂದು ಹಿಂಪಡೆಯುವ ಪತ್ರ ಸಿದ್ಧವಾಯಿತು. ಅವರು ತಾವೇ ಬರೆದುಕೊಂಡು ಬಂದಿದ್ದ ಕರಡಿನಲ್ಲಿ "ಸಂಬಳ ಸ್ವಲ್ಪ ಜಾಸ್ತಿ ಮಾಡಿದರೆ ಮುಂದುವರಿಯಲು ಸಿದ್ಧಳಿದ್ದೇನೆ" ಅಂತಿತ್ತು. ಅದನ್ನು ಹೊಡೆದುಹಾಕಿದೆವು. ಷರತ್ತು ಹಾಕಿದರೆ ಅದು ಚೌಕಾಸಿಯಾಗುತ್ತದೆ, ಹಿಂಪಡೆದಂತೆ ಆಗುವುದಿಲ್ಲ. ಷರತ್ತಿಗೆ ಅವರು ಒಪ್ಪದಿದ್ದರೆ ಮೊದಲ ರಾಜೀನಾಮೆ ಹಾಗೆಯೇ ನಿಂತಿರುತ್ತದೆ. "ಹಿಂಪಡೆಯಲು ಅನುಮತಿ ಕೋರುತ್ತೇನೆ" ಅಂತಲೂ ಬರೆಯಲಿಲ್ಲ, ಅನುಮತಿ ಕೇಳಿದರೆ ನಿರಾಕರಿಸುವ ಅಧಿಕಾರ ಅವರಿಗಿದೆ ಅಂತ ನಾವೇ ಒಪ್ಪಿದ ಹಾಗೆ. ಉಳಿಸಿದ್ದು ಇಷ್ಟು:

"ಫೆಬ್ರವರಿ 2ರಂದು ಕೊಟ್ಟ, ಏಪ್ರಿಲ್ 3ರಂದು ಜಾರಿಗೆ ಬರಬೇಕಾಗಿದ್ದ ನನ್ನ ರಾಜೀನಾಮೆಯನ್ನು ಈ ಮೂಲಕ ಯಾವ ಷರತ್ತೂ ಇಲ್ಲದೆ ಹಿಂಪಡೆದಿದ್ದೇನೆ. ನನ್ನ ಸೇವೆ ಎಂದಿನಂತೆ ಮುಂದುವರಿಯುತ್ತದೆ."

ಇದು ಇಮೇಲ್‌ನಲ್ಲೂ ಹೋಯಿತು, ಸ್ಪೀಡ್ ಪೋಸ್ಟ್‌ನಲ್ಲೂ ಹೋಯಿತು, ಇನ್ನೊಂದು ಪ್ರತಿಯನ್ನು ಅವರೇ ಆಫೀಸಿನ ಟಪಾಲು ವಿಭಾಗಕ್ಕೆ ಕೊಟ್ಟು ತಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡರು. ಸೀಲಿನ ಕೆಳಗೆ ತಾರೀಖು ಮತ್ತು ಗಂಟೆಯನ್ನೂ ಬರೆಸಿಕೊಂಡರು. ಇಡೀ ಪ್ರಕರಣ ನಿಂತಿರುವುದೇ ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಮೇಲೆ. ಆದ್ದರಿಂದ ಆ ಗಂಟೆ ಮುಖ್ಯ.

ಮಾರ್ಚ್ 9ಕ್ಕೆ ಬಂದ ಉತ್ತರ ಓದಿ ಅವರಿಗೆ ಕಣ್ಣೀರು ಬಂತು. ರಾಜೀನಾಮೆಯನ್ನು ಫೆಬ್ರವರಿ 20ರಂದೇ ಕಡತದಲ್ಲಿ ಅಂಗೀಕರಿಸಲಾಗಿದೆ, ಬೇರೆಯವರನ್ನು ನೋಡಲಾಗಿದೆ, ಹಿಂಪಡೆಯಲು ಬರುವುದಿಲ್ಲ ಅಂತ. ಒಂದು ತಿಂಗಳ ಹಿಂದೆ ಅಂಗೀಕರಿಸಿಲ್ಲ ಅಂದವರದ್ದೇ ಸಹಿ.

ಇಲ್ಲಿ ಹೆಚ್ಚಿನವರು ಸೋತು ಸುಮ್ಮನಾಗುತ್ತಾರೆ. ಅಂಗೀಕಾರವಾಯಿತು ಅಂದರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಮುಂದಿನ ದಿನಾಂಕ ಹಾಕಿ ಕೊಟ್ಟ ರಾಜೀನಾಮೆಗೆ ಅದು ಹೊಂದುವುದಿಲ್ಲ. 1977ರಲ್ಲಿ ಅಲಹಾಬಾದ್ ಹೈಕೋರ್ಟ್‌ನ ನ್ಯಾಯಮೂರ್ತಿಯೊಬ್ಬರು ಆಗಸ್ಟ್ 1ರಿಂದ ಜಾರಿಯಾಗುವಂತೆ ಮೇ ತಿಂಗಳಲ್ಲೇ ರಾಷ್ಟ್ರಪತಿಗಳಿಗೆ ರಾಜೀನಾಮೆ ಬರೆದು, ಜುಲೈ 15ರಂದು ಹಿಂಪಡೆದರು. ಅದು ನಡೆಯುತ್ತದೆ ಅಂತ ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪು ಕೊಟ್ಟಿತು. ಜಾರಿಯ ದಿನ ಬರುವವರೆಗೆ ರಾಜೀನಾಮೆ ಎಂಬುದು ಬಿಡುವ ಉದ್ದೇಶದ ತಿಳಿವಳಿಕೆ ಮಾತ್ರ, ಇನ್ನೂ ಬಿಟ್ಟಂತಲ್ಲ ಅನ್ನುವುದು ಅದರ ತಿರುಳು. ನಮ್ಮದೇ ರಾಜ್ಯದ ಬಿಇಎಂಎಲ್ ಪ್ರಕರಣ ಇನ್ನೂ ಹತ್ತಿರದ್ದು. 1993ರ ಜನವರಿ 4ರಂದು ರಾಜೀನಾಮೆ, ಅಂದೇ ಅಂಗೀಕಾರ. ಆದರೆ ಕಂಪನಿಯೇ ಅವರಿಗೆ ಜನವರಿ 13ರವರೆಗೆ ಸಾಂದರ್ಭಿಕ ರಜೆ ಮಂಜೂರು ಮಾಡಿತ್ತು. ಜನವರಿ 8ರಂದು ಅವರು ಹಿಂಪಡೆದರು. ರಜೆ ಕೊಟ್ಟಿದ್ದೀರಿ ಅಂದರೆ ಅವರು ಇನ್ನೂ ನಿಮ್ಮ ನೌಕರರೇ, ಆದ್ದರಿಂದ ಹಿಂಪಡೆದದ್ದು ಸರಿ ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕಡತದೊಳಗಿನ ಅಂಗೀಕಾರಕ್ಕೂ ಉತ್ತರವಿತ್ತು. ಕರ್ನಾಟಕ ಹೈಕೋರ್ಟ್‌ನಿಂದ ಹೋಗಿದ್ದ ಕೊಂಕಣ ರೈಲ್ವೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ, ನೌಕರನಿಗೆ ತಿಳಿಸದೆ ಆಂತರಿಕವಾಗಿ ಒಪ್ಪಿಕೊಂಡ ರಾಜೀನಾಮೆಯನ್ನು ಅಂತಿಮವೆಂದು ಹೇಳಲಾಗದು ಅಂತ ತೀರ್ಮಾನಿಸಿ, ನೌಕರನನ್ನು ಮರಳಿ ಸೇರಿಸಿಕೊಳ್ಳಲು, ಹೊರಗಿದ್ದ ಅವಧಿಗೆ ಅರ್ಧ ಸಂಬಳ ಕೊಡಲು ಆದೇಶಿಸಿತು. ರಾಜೀನಾಮೆ ಕೊಟ್ಟ ಮೇಲೂ ಅವರನ್ನು ಕೆಲಸಕ್ಕೆ ಕರೆದಿದ್ದರು ಎಂಬುದೂ ಅಲ್ಲಿ ಲೆಕ್ಕಕ್ಕೆ ಬಂತು.

ಮಾಲೀಕರ ಕಡೆ ಗಟ್ಟಿಯಾದ ವಾದವೇ ಇಲ್ಲ ಅಂತಲ್ಲ. ನೋಟಿಸ್ ನಂಬಿ ಬೇರೆಯವರಿಗೆ ನೇಮಕಾತಿ ಆದೇಶ ಕೊಟ್ಟು, ಅವರು ಬಂದು ಸೇರಿಯೂ ಆಗಿದ್ದರೆ ವಾದ ಬೇರೆ ರೂಪ ಪಡೆಯುತ್ತದೆ. ಪೈಲಟ್ ಒಬ್ಬರ 6 ತಿಂಗಳ ನೋಟಿಸ್ ವಿಷಯದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹಿಂಪಡೆಯಲು ಬಿಡಲಿಲ್ಲ. ಅಷ್ಟು ಉದ್ದದ ನೋಟಿಸ್ ಇಟ್ಟಿರುವುದೇ ಪ್ರಯಾಣಿಕರ ಹಿತಕ್ಕಾಗಿ, ಬದಲಿ ಪೈಲಟ್‌ನನ್ನು ತಯಾರು ಮಾಡಲು ಅನ್ನುವುದು ಅಲ್ಲಿನ ಕಾರಣ. ಈ ವರ್ಕ್ಸ್‌ನವರು ಮಾರ್ಚ್ 6ರೊಳಗೆ ಯಾರಿಗೂ ಆದೇಶ ಕೊಟ್ಟಿರಲಿಲ್ಲ. ಇಬ್ಬರ ಅರ್ಜಿ ನೋಡಿದ್ದರು, ಅಷ್ಟೆ.

ಏಪ್ರಿಲ್ 3 ಕಳೆದ ಮರು ಕೆಲಸದ ದಿನ ಅವರು ಎಂದಿನ ಹೊತ್ತಿಗೆ ಗೇಟಿಗೆ ಹೋದರು. ಯಂತ್ರ ಬೆರಳಚ್ಚು ತಗೊಳ್ಳಲಿಲ್ಲ. ಕಾವಲುಗಾರ ಹಿರಿಯರು, ಬೇಜಾರಿನಿಂದಲೇ ಹೇಳಿದರು: "ಒಳಗೆ ಬಿಡಬೇಡ ಅಂದವ್ರೆ ಕಣಮ್ಮ." ಜಗಳ ಮಾಡದೆ, ಮೊದಲೇ ಬರೆದಿಟ್ಟುಕೊಂಡಿದ್ದ ಕಾಗದವನ್ನು ಅಲ್ಲೇ ಕೊಟ್ಟರು: ಇಷ್ಟು ಗಂಟೆಗೆ ಕೆಲಸಕ್ಕೆ ಬಂದಿದ್ದೆ, ಒಳಗೆ ಬಿಡಲಿಲ್ಲ, ಕೆಲಸಕ್ಕೆ ಸಿದ್ಧಳಿದ್ದೇನೆ. ಗೇಟಿನಲ್ಲಿ ಯಾರೂ ಸಹಿ ಹಾಕಿಕೊಡದಿದ್ದರಿಂದ ಅದೇ ಮಾತು ಹತ್ತು ನಿಮಿಷದಲ್ಲಿ ಇಮೇಲ್ ಆಗಿಯೂ ಹೋಯಿತು. ಈ ಕಾಗದ ಇಲ್ಲದಿದ್ದರೆ ಮುಂದೆ "ಅವರೇ ಬರಲಿಲ್ಲ" ಅನ್ನುತ್ತಾರೆ.

ಎರಡು ದಿನದ ನಂತರ ಬ್ಯಾಂಕ್ ಖಾತೆಗೆ ಒಂದಿಷ್ಟು ಹಣ ಬಂದು ಬಿತ್ತು, ಅಂತಿಮ ಲೆಕ್ಕ ಎಂಬ ಒಕ್ಕಣೆಯೊಂದಿಗೆ. ಇದು ಬಹಳ ಜನ ಜಾರುವ ಜಾಗ. ಸುಮ್ಮನಿದ್ದರೆ ಲೆಕ್ಕ ಮುಗಿಸಿಕೊಂಡು ಹೋದರು ಅಂತಾಗುತ್ತದೆ. ಹಣ ವಾಪಸ್ ಮಾಡಲಿಲ್ಲ. "ಇದನ್ನು ಬಾಕಿ ವೇತನವೆಂದು ಮಾತ್ರ, ನನ್ನ ಆಕ್ಷೇಪಣೆಯೊಂದಿಗೆ ಇಟ್ಟುಕೊಂಡಿದ್ದೇನೆ, ನನ್ನ ಸೇವೆ ಕೊನೆಗೊಂಡಿಲ್ಲ" ಅಂತ ಅಂದೇ ಬರೆದೆವು. ಬಾಕಿ ಇಲ್ಲ ಎಂಬ ಪತ್ರಕ್ಕೆ ಸಹಿ ಹಾಕಲಿಲ್ಲ. ಪಿಎಫ್ ಹಣ ತೆಗೆಯಲು ಅರ್ಜಿಯನ್ನೂ ಹಾಕಬೇಡಿ ಅಂದೆವು, ಕೆಲಸ ಬಿಟ್ಟಿದ್ದೇನೆ ಅಂತ ಅದರಲ್ಲಿ ಅವರೇ ಘೋಷಿಸಿದ ಹಾಗಾಗುತ್ತದೆ.

ಇನ್ನು ಅವರು ಯಾವ ಬಾಗಿಲು ತಟ್ಟಬಹುದು ಎಂಬುದು. ವಿಸಿಟಿಂಗ್ ಕಾರ್ಡಿನಲ್ಲಿ ಅವರ ಹುದ್ದೆ ಅಕೌಂಟ್ಸ್ ಎಕ್ಸಿಕ್ಯೂಟಿವ್. ಹೆಸರು ಏನೇ ಇರಲಿ, ಮಾಡುತ್ತಿದ್ದದ್ದು ತೂಕದ ಚೀಟಿಗಳನ್ನು ಬಿಲ್ಲಿಗೆ ತಾಳೆ ನೋಡುವುದು, ವೋಚರ್ ಬರೆಯುವುದು, ಬೆಳೆಗಾರರ ಲೆಡ್ಜರ್ ಇಡುವುದು. ಅವರ ಕೈಕೆಳಗೆ ಯಾರೂ ಇಲ್ಲ, ಯಾರ ರಜೆಗೂ ಅವರು ಸಹಿ ಹಾಕುವುದಿಲ್ಲ. ಇದು ಗುಮಾಸ್ತಿಕೆಯ ಕೆಲಸ, ಆದ್ದರಿಂದ ಕಾರ್ಮಿಕ ಕಾನೂನಿನ ಕಣ್ಣಿಗೆ ಅವರು ಕಾರ್ಮಿಕರೇ. ಸಂಬಳದ ಮಿತಿ ಇರುವುದು ಮೇಲ್ವಿಚಾರಣೆಯ ಕೆಲಸದವರಿಗೆ, ಗುಮಾಸ್ತರಿಗೆ ಅಲ್ಲ. ಈ ವ್ಯತ್ಯಾಸದ ಮೇಲೆ ಫಲಿತಾಂಶವೇ ತಿರುಗುತ್ತದೆ. ಖಾಸಗಿ ಸಂಸ್ಥೆಯ ಮ್ಯಾನೇಜರ್ ಆಗಿದ್ದರೆ ಹಿಂಪಡೆದದ್ದು ಸರಿಯಿದ್ದರೂ ಕೆಲಸ ಮರಳಿ ಕೊಡಿಸುವುದು ಬಹಳ ಕಷ್ಟ. ಸಿವಿಲ್ ಕೋರ್ಟಿನಲ್ಲಿ ಸಾಮಾನ್ಯವಾಗಿ ಸಿಗುವುದು ನೋಟಿಸ್ ಅವಧಿಯ ಸಂಬಳದಷ್ಟು ಪರಿಹಾರ. ನಾವು ಮೇಲೆ ಹೇಳಿದ ತೀರ್ಪುಗಳಲ್ಲಿ ಹಿಂಪಡೆದು ಗೆದ್ದವರಲ್ಲಿ ಯಾರೂ ಖಾಸಗಿ ಸಂಸ್ಥೆಯ ನೌಕರರಲ್ಲ, ಇದನ್ನು ಮರೆಯಬಾರದು.

ಕಾರ್ಮಿಕ ಇಲಾಖೆಗೆ ಕೊಟ್ಟ ದೂರನ್ನು ಒಂದೂವರೆ ಪುಟಕ್ಕೆ ಮುಗಿಸಿದೆವು. ರಾಜೀನಾಮೆ ಹಿಂಪಡೆದ ಮೇಲೆ ಕೆಲಸಕ್ಕೆ ಬಿಡದಿರುವುದು ಮಾಲೀಕರೇ ಕೆಲಸದಿಂದ ತೆಗೆದಂತೆ, ಆದರೆ ಹಾಗೆ ತೆಗೆಯಲು ಬೇಕಾದ ನೋಟಿಸ್ ಕೊಟ್ಟಿಲ್ಲ, ಪರಿಹಾರವನ್ನೂ ಕೊಟ್ಟಿಲ್ಲ ಅನ್ನುವುದು ವಾದ. ಹೆಚ್ಚುವರಿ ಸಿಬ್ಬಂದಿ ಅಂತ ತೆಗೆಯುವುದಾದರೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ ಕೊಡಬೇಕು, ಆರು ತಿಂಗಳು ದಾಟಿದ ಕೊನೆಯ ವರ್ಷವನ್ನೂ ಪೂರ್ಣ ವರ್ಷವೆಂದೇ ಹಿಡಿಯಬೇಕು. ಇವರಿಗೆ ಅದು 75 ದಿನಗಳಾಗುತ್ತಿತ್ತು. ದೂರಿನ ಜೊತೆ ಐದು ಕಾಗದ: ನೇಮಕಾತಿ ಆದೇಶ, ಫೆಬ್ರವರಿ 2ರ ನೋಟಿಸ್, ಫೆಬ್ರವರಿ 10ರ ಅವರ ಮೇಲ್, ಮಾರ್ಚ್ 6ರ ಸೀಲು ಬಿದ್ದ ಪತ್ರ, ಗೇಟಿನ ದಿನದ ಇಮೇಲ್.

ಸಂಧಾನದ ಎರಡನೇ ದಿನ ವರ್ಕ್ಸ್‌ನ ಪರವಾಗಿ ಬಂದವರು ಫೆಬ್ರವರಿ 20ರ ಕಡತದ ಹಾಳೆ ತೋರಿಸಿದರು. ಅಧಿಕಾರಿ ಅದನ್ನೂ ಫೆಬ್ರವರಿ 10ರ ಮೇಲನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಅಂಗೀಕರಿಸಿಲ್ಲ ಅಂತ ಅವರಿಗೆ ತಿಳಿಸಿದ್ದೀರಿ. ಅಂಗೀಕರಿಸಿದೆವು ಅಂತ ಮಾರ್ಚ್ 6ಕ್ಕೆ ಮುಂಚೆ ತಿಳಿಸಿದ್ದಕ್ಕೆ ಏನಿದೆ ತೋರಿಸಿ." ತೋರಿಸಲು ಏನೂ ಇರಲಿಲ್ಲ. ಮೇ 31ರವರೆಗೆ ಇರಲೇಬೇಕು ಅಂತ ತಾವೇ ಬರೆದುಕೊಟ್ಟವರು ಏಪ್ರಿಲ್ 3ಕ್ಕೆ ಸೇವೆ ಮುಗಿಯಿತು ಅನ್ನುವುದು ಹೇಗೆ?

ಏಪ್ರಿಲ್ ಕೊನೆಯ ವಾರ ಒಪ್ಪಂದಕ್ಕೆ ಸಹಿ ಬಿತ್ತು. ಅದರಲ್ಲಿ ನಾವು ಪಟ್ಟು ಹಿಡಿದು ಹಾಕಿಸಿದ ಮಾತು "ಸೇವೆಯ ನಿರಂತರತೆಯೊಂದಿಗೆ" ಎಂಬುದು. ಅದಿಲ್ಲದೆ ಹೊಸ ನೇಮಕಾತಿ ಎಂಬಂತೆ ಸೇರಿಸಿಕೊಂಡಿದ್ದರೆ ಹಳೆಯ ವರ್ಷಗಳೆಲ್ಲ ಹೋಗುತ್ತಿದ್ದವು, ಗ್ರಾಚ್ಯುಟಿ ಮತ್ತೆ ಸೊನ್ನೆಯಿಂದ ಎಣಿಕೆ. ಹೊರಗಿದ್ದ ದಿನಗಳನ್ನು ಅವರ ಖಾತೆಯಲ್ಲಿದ್ದ ಗಳಿಕೆ ರಜೆಗೆ ಹೊಂದಿಸಿದರು. ಅಂತಿಮ ಲೆಕ್ಕದ್ದೆಂದು ಬಂದಿದ್ದ ಹಣದಲ್ಲಿ ಆ ರಜೆಯ ನಗದು ಭಾಗವೂ ಇದ್ದುದರಿಂದ ಅಷ್ಟನ್ನು ಮುಂದಿನ ಎರಡು ತಿಂಗಳ ಸಂಬಳದಲ್ಲಿ ಮುರಿದುಕೊಳ್ಳುವುದೆಂದಾಯಿತು. ಪಿಎಫ್ ದಾಖಲೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಅವರು ಇನ್ನೂ ಹಾಕಿರಲಿಲ್ಲ, ಹಾಕುವುದಿಲ್ಲ ಎಂದು ಒಪ್ಪಂದದಲ್ಲೇ ಬರೆಸಿದೆವು.

ಮೇ 31 ದಾಟಿದ ಮೇಲೆ ಅವರು ಒಮ್ಮೆ ಬಂದು ಬೇರೆ ಕಡೆ ಅರ್ಜಿ ಹಾಕಲೇ ಅಂತ ಕೇಳಿದರು. ಹಾಕಿ, ಆದರೆ ಅಲ್ಲಿನ ನೇಮಕಾತಿ ಆದೇಶ ಕೈಗೆ ಬಂದ ಮೇಲೆ ಇಲ್ಲಿ ನೋಟಿಸ್ ಕೊಡಿ, ಕೊಟ್ಟಾಗ ತಾರೀಖು ಬರೆಯಿರಿ ಅಂದೆವು.